ಸರಾಸರಿ 1.37 ಕಿಲೋ, ಆದರೆ ಯಾರಿಗೆ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಆರೋಗ್ಯ ಪುಟವನ್ನು ನನ್ನಾಕೆ ಕಾಫಿ ಕುಡಿಯುತ್ತಾ ಜೋರಾಗಿ ಓದಿದಳು. 'ರೀ, ಇಲ್ಲಿ ಕೇಳಿ. ಕ್ರಿಯೇಟಿನ್ ತಗೊಂಡ್ರೆ ವಯಸ್ಸಾದವರಿಗೂ ಕಡಿಮೆ ಅಂದ್ರೂ ಒಂದು ಕಿಲೋ ಸ್ನಾಯು ಬೆಳೆಯೋದು ಗ್ಯಾರಂಟಿ ಅಂತೆ. 22 ಪ್ರಯೋಗಗಳಲ್ಲಿ ಸಾಬೀತಾಗಿದೆಯಂತೆ.' ಅವಳಿಗೆ 63. ಸ್ನಾಯು ಬೆಳೆಸಲು ಜಿಮ್‌ಗೆ ಹೋಗುವವರು ತಿನ್ನುವ ಪುಡಿ ಈ ಕ್ರಿಯೇಟಿನ್. ಮಗಳು ತಂದುಕೊಟ್ಟ ಅದರ ಡಬ್ಬಿ ಎರಡು ತಿಂಗಳಿಂದ ಅಡುಗೆಮನೆ ಕಪಾಟಿನಲ್ಲಿ ಸೀಲು ಒಡೆಯದೆ ಕೂತಿದೆ. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿದವನು. 'ಗ್ಯಾರಂಟಿ' ಅನ್ನೋ ಪದ ಕಿವಿಗೆ ಬಿದ್ದಾಗ ಸುಮ್ನೆ ಕೂರಲು ಆಗಲಿಲ್ಲ. ಅದಕ್ಕೇ ಈ ಪತ್ರ.

ಲೇಖನ ಹೆಸರು ಹೇಳದೆ ಎತ್ತಿಕೊಂಡ ಅಂಕಿಗಳು ಎಲ್ಲಿಯವು ಎಂದು ಹುಡುಕಿದೆ. ಅವು ಕೆನಡಾದ ಫಿಲಿಪ್ ಚಿಲಿಬೆಕ್ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಮೆಟಾ ಅನಾಲಿಸಿಸ್‌ನವು. ಒಳ್ಳೆಯ ಕೆಲಸ, ಅದರಲ್ಲಿ ಅನುಮಾನವಿಲ್ಲ. ನಡುವಯಸ್ಸು ದಾಟಿದವರ ಮೇಲೆ ಮಾಡಿದ 22 ಪ್ರಯೋಗಗಳನ್ನು ಅವರು ಒಟ್ಟುಗೂಡಿಸಿದರು. ಎಲ್ಲಾ ಸೇರಿ 721 ಮಂದಿ. ಪ್ರತಿ ಪ್ರಯೋಗದಲ್ಲೂ ಒಂದು ಗುಂಪಿಗೆ ಕ್ರಿಯೇಟಿನ್, ಇನ್ನೊಂದಕ್ಕೆ ನೋಡಲು ಹಾಗೇ ಇರುವ ಬರೀ ಪುಡಿ. ಎರಡೂ ಗುಂಪಿನವರು ವಾರಕ್ಕೆ ಎರಡು ಮೂರು ದಿನ ತೂಕ ಎತ್ತುವ ವ್ಯಾಯಾಮ ಮಾಡಿದರು. ಕ್ರಿಯೇಟಿನ್ ಗುಂಪಿನವರಿಗೆ ಇನ್ನೊಂದು ಗುಂಪಿಗಿಂತ ಸರಾಸರಿ 1.37 ಕಿಲೋ 'ಲೀನ್ ಮಾಸ್', ಅಂದರೆ ಕೊಬ್ಬು ಬಿಟ್ಟ ತೂಕ, ಜಾಸ್ತಿ ಬಂತು. ಅದರ ಪಕ್ಕದಲ್ಲಿ 0.97ರಿಂದ 1.76 ಎಂದು ಇನ್ನೆರಡು ಅಂಕಿಗಳಿವೆ. ನಿಮ್ಮ ಲೇಖಕರು ಎಡವಿದ್ದು ಇಲ್ಲೇ.

0.97 ನೋಡಿದ ಅವರು, ಯಾರೇ ತೆಗೆದುಕೊಂಡರೂ ಕನಿಷ್ಠ ಅಷ್ಟು ಸಿಗುತ್ತದೆ ಎಂದು ಓದಿಕೊಂಡಿದ್ದಾರೆ. ಆ ಎರಡು ಅಂಕಿಗಳು ಮನುಷ್ಯರ ಬಗ್ಗೆ ಏನನ್ನೂ ಹೇಳುವುದಿಲ್ಲ. ಸರಾಸರಿಯ ಬಗ್ಗೆ ಮಾತ್ರ ಹೇಳುತ್ತವೆ. 721 ಜನರನ್ನು ನೋಡಿ ನಾವು ಊಹಿಸಿದ ಸರಾಸರಿ ಎಷ್ಟರ ಮಟ್ಟಿಗೆ ಅಲುಗಾಡಬಹುದು ಅನ್ನುವುದರ ಲೆಕ್ಕ ಅದು. ಜನ ಜಾಸ್ತಿಯಾದಷ್ಟೂ ಆ ಅಂತರ ಕಿರಿದಾಗುತ್ತಾ ಹೋಗುತ್ತದೆ. ಹತ್ತು ಸಾವಿರ ಜನರನ್ನು ಸೇರಿಸಿದರೆ ಅದು ಕೂದಲೆಳೆಯಷ್ಟು ಸಣ್ಣದಾಗುತ್ತದೆ. ಹಾಗಂತ ಹತ್ತು ಸಾವಿರ ಜನರಿಗೂ ಒಂದೇ ಫಲ ಸಿಕ್ಕಿತು ಎಂದಲ್ಲವಲ್ಲ. ಆಗುಂಬೆ, ಚಳ್ಳಕೆರೆ ಎರಡರ ನೂರು ವರ್ಷದ ಮಳೆ ಲೆಕ್ಕ ಕೊಟ್ಟರೆ ನಾನು ಅವುಗಳ ಸರಾಸರಿಯನ್ನು ಬಹಳ ನಿಖರವಾಗಿ ಹೇಳಬಲ್ಲೆ. ಅದನ್ನು ನಂಬಿ ಚಳ್ಳಕೆರೆಯಲ್ಲಿ ಅಡಿಕೆ ಹಾಕಿದವನ ಗತಿ?

ಈ ಸರಾಸರಿ ಹೇಗೆ ಹುಟ್ಟುತ್ತದೆ ಅನ್ನುವುದನ್ನೂ ಸ್ವಲ್ಪ ಹೇಳಬೇಕು. ಇಂಥ ವರದಿಯಲ್ಲಿ ಫಾರೆಸ್ಟ್ ಪ್ಲಾಟ್ ಎಂಬ ಚಿತ್ರ ಇರುತ್ತದೆ. ಒಂದೊಂದು ಪ್ರಯೋಗಕ್ಕೆ ಒಂದೊಂದು ಸಾಲು. ಸಾಲಿನಲ್ಲಿ ಒಂದು ಚೌಕ, ಅದರ ಎರಡೂ ಕಡೆ ಮೀಸೆಯ ಹಾಗೆ ಒಂದು ಗೆರೆ. ಚೌಕ ಅಂದರೆ ಆ ಪ್ರಯೋಗ ಕಂಡ ವ್ಯತ್ಯಾಸ, ಮೀಸೆ ಅಂದರೆ ಅದರ ಅಲುಗಾಟ. ನಡುವೆ ಸೊನ್ನೆಯ ಮೇಲೆ ಒಂದು ನೆಟ್ಟಗಿನ ಗೆರೆ. ಮೀಸೆ ಆ ಗೆರೆಯನ್ನು ದಾಟಿದರೆ 'ಸ್ಪಷ್ಟ ಲಾಭ ಕಾಣಲಿಲ್ಲ' ಎಂದರ್ಥ. ಕೊನೆಯಲ್ಲಿ ಎಲ್ಲವನ್ನೂ ಸೇರಿಸಿದ ಒಂದು ವಜ್ರದ ಆಕಾರ. ಸೇರಿಸುವಾಗ ಎಲ್ಲಾ ಪ್ರಯೋಗಗಳಿಗೂ ಒಂದೇ ಬೆಲೆ ಕೊಡುವುದಿಲ್ಲ. ಯಾವುದರ ಮೀಸೆ ಚಿಕ್ಕದೋ ಅದಕ್ಕೆ ಜಾಸ್ತಿ ತೂಕ. ಪತ್ರಿಕೆಗೆ ಬರುವುದು ಆ ವಜ್ರ ಮಾತ್ರ. ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ, ಮೊದಲು ವಜ್ರವನ್ನು ಕೈಯಿಂದ ಮುಚ್ಚಿಕೊಂಡು ಮೇಲಿನ ಸಾಲುಗಳನ್ನು ಓದಿ ಅಂತ.

ಹಾಗೆ ಓದಿದಾಗ ಮೊದಲ ನೋಟಕ್ಕೆ ಪ್ರಯೋಗಗಳು ಒಂದಕ್ಕೊಂದು ಜಗಳ ಆಡುವಂತೆ ಕಾಣುತ್ತವೆ. ಒಂದು 'ಲಾಭ ಇದೆ' ಅನ್ನುತ್ತದೆ, ಪಕ್ಕದ್ದು 'ಇಲ್ಲ' ಅನ್ನುತ್ತದೆ. ಇದರಲ್ಲಿ ಎಷ್ಟು ನಿಜವಾದ ಜಗಳ? ಒಂದು ಲೆಕ್ಕ ಹಾಕಿ ನೋಡೋಣ. 721ನ್ನು 22ರಿಂದ ಭಾಗಿಸಿದರೆ ಪ್ರಯೋಗಕ್ಕೆ ಸುಮಾರು 33 ಮಂದಿ, ಅಂದರೆ ಗುಂಪಿಗೆ ಹದಿನಾರು. ವ್ಯಾಯಾಮದಿಂದ ಬರುವ ಬದಲಾವಣೆ ಒಬ್ಬರಿಂದೊಬ್ಬರಿಗೆ ಹೆಚ್ಚುಕಡಿಮೆ 2 ಕಿಲೋದಷ್ಟು ಏರುಪೇರಾಗುತ್ತದೆ ಎಂದುಕೊಳ್ಳಿ. ಇದು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡ ಅಂಕಿ. ಆಗ ಎರಡು ಗುಂಪಿನ ವ್ಯತ್ಯಾಸದಲ್ಲಿ 0.7 ಕಿಲೋದಷ್ಟು ಸ್ಟ್ಯಾಂಡರ್ಡ್ ಎರರ್, ಅಂದರೆ ಆಕಸ್ಮಿಕ ಅಲುಗಾಟ, ಇರುತ್ತದೆ. ಮೀಸೆ ಅದರ ಎರಡರಷ್ಟು, ಅಂದರೆ ಆಚೆ ಈಚೆ ತಲಾ 1.4 ಕಿಲೋ ಚಾಚುತ್ತದೆ. ಈಗ ನೋಡಿ, ಕ್ರಿಯೇಟಿನ್‌ನ ನಿಜವಾದ ಲಾಭ ಎಲ್ಲಾ ಕಡೆಯೂ ಸರಿಯಾಗಿ 1.37 ಕಿಲೋ ಇದ್ದರೂ ಇಂಥ ಪ್ರಯೋಗಗಳಲ್ಲಿ ಅರ್ಧದಷ್ಟು 'ಲಾಭ ಕಾಣಲಿಲ್ಲ' ಎಂದೇ ವರದಿ ಮಾಡುತ್ತವೆ. ಯಾರೂ ತಪ್ಪು ಮಾಡಿಲ್ಲ, ಗುಂಪು ಚಿಕ್ಕದು ಅಷ್ಟೆ. ಇಂಥದ್ದನ್ನು ಎತ್ತಿ ಹಿಡಿದು 'ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ' ಅನ್ನುವವರೂ ಇದ್ದಾರೆ. ಮೆಟಾ ಅನಾಲಿಸಿಸ್‌ನ ದೊಡ್ಡ ಉಪಯೋಗವೇ ಈ ಸುಳ್ಳು ಜಗಳವನ್ನು ಬಿಡಿಸುವುದು. ನಿಜವಾದ ಭಿನ್ನತೆ ಇದ್ದರೆ ಅದನ್ನು ಅದು ಬಿಡಿಸಲಾರದು, ಮುಚ್ಚಿಬಿಡುತ್ತದೆ.

ಹಾಗೆ ಮುಚ್ಚಿಹೋಗುವುದರಲ್ಲಿ ಮೊದಲನೆಯದು, ಅಳೆದದ್ದು ಏನು ಅನ್ನುವುದು. ಲೇಖನ 'ಸ್ನಾಯು' ಎಂದು ಬರೆದಿದೆ. ಅಳೆದದ್ದು ಲೀನ್ ಮಾಸ್, ಅಂದರೆ ದೇಹದ ತೂಕದಲ್ಲಿ ಕೊಬ್ಬು ಕಳೆದು ಉಳಿದದ್ದು. ಅದರಲ್ಲಿ ನೀರೂ ಸೇರಿದೆ. ಕ್ರಿಯೇಟಿನ್ ಸ್ನಾಯುವಿನೊಳಗೆ ಹೋಗುವಾಗ ನೀರನ್ನೂ ಎಳೆದುಕೊಳ್ಳುತ್ತದೆ. 2025ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಒಂದು ಪ್ರಯೋಗ ಇದನ್ನೇ ಹಿಡಿಯಲು ಹೊರಟಿತು. 54 ಮಂದಿ. ಕ್ರಿಯೇಟಿನ್ ಗುಂಪಿನವರು ವ್ಯಾಯಾಮ ಶುರು ಮಾಡುವ ಮೊದಲು ಒಂದು ವಾರ ದಿನಕ್ಕೆ 5 ಗ್ರಾಂ ತೆಗೆದುಕೊಂಡರು. ಆ ಒಂದೇ ವಾರದಲ್ಲಿ ಅವರ ಲೀನ್ ಮಾಸ್ ಇನ್ನೊಂದು ಗುಂಪಿಗಿಂತ ಅರ್ಧ ಕಿಲೋ ಜಾಸ್ತಿ ಆಯಿತು. ಒಂದು ಡಂಬೆಲ್ ಕೂಡ ಎತ್ತಿರಲಿಲ್ಲ! ಆಮೇಲೆ 12 ವಾರ ಎರಡೂ ಗುಂಪು ವ್ಯಾಯಾಮ ಮಾಡಿದಾಗ ಇಬ್ಬರ ಗಳಿಕೆಯೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಇದು ಒಂದೇ ಪ್ರಯೋಗ, ಅದರಲ್ಲೂ ಇನ್ನೊಂದು ಗುಂಪಿಗೆ ಬರೀ ಪುಡಿಯನ್ನೂ ಕೊಟ್ಟಿರಲಿಲ್ಲ. ಹಾಗಾಗಿ ಇದನ್ನು ಕೊನೆಯ ತೀರ್ಪು ಎನ್ನಬಾರದು, ಚಿತ್ರದಲ್ಲಿ ಇನ್ನೊಂದು ಸಾಲು ಅಷ್ಟೆ. ಆದರೆ 2023ರ ಇನ್ನೊಂದು ಮೆಟಾ ಅನಾಲಿಸಿಸ್ ಕೂಡ ಅದೇ ದಿಕ್ಕಿಗೆ ಬೆರಳು ತೋರಿಸುತ್ತದೆ. ಅದು ಎಂಆರ್‌ಐ, ಅಲ್ಟ್ರಾಸೌಂಡ್‌ಗಳಿಂದ ಸ್ನಾಯುವನ್ನೇ ನೇರ ಅಳೆದ ಹತ್ತು ಪ್ರಯೋಗಗಳನ್ನು ಕೂಡಿಸಿತು. ಸಿಕ್ಕ ಎಫೆಕ್ಟ್ ಸೈಜ್ 0.11. ಸ್ನಾಯುವಿನ ದಪ್ಪದಲ್ಲಿ ಹೇಳುವುದಾದರೆ ಒಂದರಿಂದ ಒಂದೂವರೆ ಮಿಲಿಮೀಟರ್ ಆಸುಪಾಸು. ಅದೂ ಯುವ ವಯಸ್ಸಿನವರಿಗೆ ಸ್ವಲ್ಪ ಜಾಸ್ತಿ, ವಯಸ್ಸಾದವರಿಗೆ ಕಡಿಮೆ ಎಂಬ ಸುಳಿವು ಅದರಲ್ಲೇ ಇದೆ.

ಈ ಎಫೆಕ್ಟ್ ಸೈಜ್ ಅನ್ನುವುದನ್ನು ಜನ ಶೇಕಡಾ ಎಂದು ತಿಳಿಯುತ್ತಾರೆ. ಅಲ್ಲ. ಒಂದೊಂದು ಪ್ರಯೋಗ ಒಂದೊಂದು ಯಂತ್ರದಲ್ಲಿ ಬಲ ಅಳೆದಿರುತ್ತದೆ, ಕಿಲೋಗಳನ್ನು ನೇರ ಕೂಡಿಸಲು ಬರುವುದಿಲ್ಲ. ಅದಕ್ಕೆ ಎರಡು ಗುಂಪಿನ ವ್ಯತ್ಯಾಸವನ್ನು ಜನರ ನಡುವಿನ ಸಹಜ ಏರುಪೇರಿನಿಂದ ಭಾಗಿಸುತ್ತಾರೆ. ಚಿಲಿಬೆಕ್ ವರದಿಯಲ್ಲಿ ಕಾಲಿನಿಂದ ತಳ್ಳುವ ಲೆಗ್ ಪ್ರೆಸ್‌ಗೆ ಇದು 0.24. ಇದರ ಅರ್ಥ ಬೇಕಾದರೆ ಹೀಗೆ ನೋಡಿ. ಕ್ರಿಯೇಟಿನ್ ಗುಂಪಿನಿಂದ ಒಬ್ಬರನ್ನು, ಇನ್ನೊಂದು ಗುಂಪಿನಿಂದ ಒಬ್ಬರನ್ನು ಚೀಟಿ ಎತ್ತಿ ಆರಿಸಿ, ಯಾರದ್ದು ಮೇಲು ನೋಡಿ. ಕ್ರಿಯೇಟಿನ್ ಸುಮ್ನೆ ಪುಡಿಯೇ ಆಗಿದ್ದರೆ ನೂರರಲ್ಲಿ 50 ಸಲ ಆ ಗುಂಪಿನವರು ಗೆಲ್ಲುತ್ತಿದ್ದರು. 0.24 ಇದ್ದಾಗ ಸುಮಾರು 57 ಸಲ ಗೆಲ್ಲುತ್ತಾರೆ. ಉಳಿದ 43 ಸಲ ಕ್ರಿಯೇಟಿನ್ ತಿನ್ನದವರೇ ಮುಂದೆ. ಲಾಭ ನಿಜ. ಗ್ಯಾರಂಟಿ ಎಲ್ಲಿಂದ ಬಂತು?

ಇನ್ನು ಯಾರಿಗೆ ಅನ್ನುವ ಪ್ರಶ್ನೆ. ನಮ್ಮನೆಯಾಕೆ ಕೇಳಿದ್ದೂ ಅದೇ, 'ಇದರಲ್ಲಿ ಹೆಂಗಸರು ಎಷ್ಟು ಜನ?' 2022ರ ಒಂದು ಮೆಟಾ ಅನಾಲಿಸಿಸ್ ಗಂಡಸರು, ಹೆಂಗಸರನ್ನು ಬೇರೆ ಮಾಡಿ ನೋಡಿದೆ. ಗಂಡಸರಿಗೆ 1.46 ಕಿಲೋ, ಹೆಂಗಸರಿಗೆ 0.29. ಇದನ್ನು ಓದಿ 'ಹಾಗಾದರೆ ಹೆಂಗಸರಿಗೆ ಕೆಲಸ ಮಾಡಲ್ಲ' ಎಂದು ಬರೆಯಲು ಯಾರಿಗಾದರೂ ಕೈ ತುರಿಸಬಹುದು. ದಯವಿಟ್ಟು ಬೇಡ. ಗಂಡಸರ ಅಂಕಿಯ ಮೀಸೆ 0.47ರಿಂದ 2.46ರವರೆಗೆ, ಹೆಂಗಸರದ್ದು ಸೊನ್ನೆಗಿಂತ ಕೆಳಗೆ 0.43ರಿಂದ ಮೇಲಕ್ಕೆ 1.01ರವರೆಗೆ. ಎರಡೂ ಒಂದರ ಮೇಲೊಂದು ಹಾಸಿಕೊಂಡಿವೆ. ವ್ಯತ್ಯಾಸ ಇರಬಹುದು, ಇಲ್ಲದೆಯೂ ಇರಬಹುದು.

ಒಬ್ಬೊಬ್ಬರ ದೇಹದಲ್ಲಿ ಏನಾಗುತ್ತದೆ ಅನ್ನುವುದಕ್ಕೆ ನನಗೆ ಇಷ್ಟವಾದದ್ದು 2004ರ ಒಂದು ಪುಟ್ಟ ಅಧ್ಯಯನ. 11 ಯುವಕರಿಗೆ ಐದು ದಿನ ದೇಹದ ತೂಕದ ಪ್ರತಿ ಕಿಲೋಗೆ 0.3 ಗ್ರಾಂನಂತೆ ಕ್ರಿಯೇಟಿನ್ ಕೊಟ್ಟು, ಮುಂಚೆ ಮತ್ತು ಆಮೇಲೆ ತೊಡೆಯಿಂದ ಸೂಜಿಯಲ್ಲಿ ಚೂರು ಸ್ನಾಯು ತೆಗೆದು ನೋಡಿದರು. ಮೂವರಲ್ಲಿ ಕ್ರಿಯೇಟಿನ್ ಚೆನ್ನಾಗಿ ಏರಿತ್ತು. ಐವರಲ್ಲಿ ಅಷ್ಟಿಷ್ಟು. ಮೂವರಲ್ಲಿ ಏರಿದ್ದು ತೀರಾ ಕಡಿಮೆ. ಚೆನ್ನಾಗಿ ಏರಿದವರಲ್ಲಿ ಮೊದಲಿನ ಮಟ್ಟ ಕಡಿಮೆ ಇತ್ತು. ತುಂಬಿದ ಕೊಡಕ್ಕೆ ಇನ್ನೆಷ್ಟು ನೀರು ಹಿಡಿದೀತು, ಅಲ್ವಾ? ಹನ್ನೊಂದೇ ಜನ, ಇದನ್ನೂ ಜಾಸ್ತಿ ಎಳೆಯಬಾರದು. ಆದರೆ ಕ್ರಿಯೇಟಿನ್ ನಮಗೆ ಊಟದಿಂದ ಸಿಗುವುದು ಮುಖ್ಯವಾಗಿ ಮಾಂಸ, ಮೀನಿನಿಂದ. ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಅದರ ಮಟ್ಟ ಕಡಿಮೆ ಇರುತ್ತದೆ. ಇದೇ ಚಿಲಿಬೆಕ್ ಸೇರಿದ್ದ 2003ರ ಒಂದು ಪ್ರಯೋಗದಲ್ಲಿ ಸಸ್ಯಾಹಾರಿಗಳ ಲೀನ್ ಮಾಸ್ ಮಾಂಸ ತಿನ್ನುವವರಿಗಿಂತ ಜಾಸ್ತಿ ಏರಿತ್ತು. ನಮ್ಮ ಮನೆ ಮೂರು ತಲೆಮಾರಿನಿಂದ ಸಸ್ಯಾಹಾರಿ. ಅಂದರೆ ಸರಾಸರಿ ನನ್ನಾಕೆಯ ಬಗ್ಗೆ ಎರಡು ದಿಕ್ಕಿನಲ್ಲಿ ತಪ್ಪಬಹುದು: ಹೆಂಗಸು ಎಂದು ಕಡಿಮೆ, ಸಸ್ಯಾಹಾರಿ ಎಂದು ಜಾಸ್ತಿ.

ಅವಳು ಡಬ್ಬಿಯ ಸೀಲು ಒಡೆಯುತ್ತಾಳೋ ಇಲ್ಲವೋ ಅದು ಅವಳು ಮತ್ತು ಅವಳ ಡಾಕ್ಟರಿಗೆ ಬಿಟ್ಟದ್ದು. ನಾನು ಕೇಳುವುದು ಇಷ್ಟೇ. ಮುಂದಿನ ವಾರ ಅದೇ ಪುಟದಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಹಾಕಿ. 'ಸ್ನಾಯು' ಇರುವ ಕಡೆ 'ಕೊಬ್ಬು ಬಿಟ್ಟ ತೂಕ' ಎಂದಾಗಲಿ. 'ಕನಿಷ್ಠ' ಇರುವ ಕಡೆ 'ಸರಾಸರಿ' ಎಂದಾಗಲಿ. ಎರಡೂ ಗುಂಪಿನವರು ವಾರಕ್ಕೆ ಎರಡು ಮೂರು ದಿನ ತೂಕ ಎತ್ತಿದ್ದರು ಅನ್ನುವುದು ಲೇಖನದಲ್ಲಿ ಎಲ್ಲೂ ಇಲ್ಲ, ಅದನ್ನು ಮೊದಲ ಸಾಲಿನಲ್ಲೇ ಹಾಕಿ.

ಇತಿ,
ಒಬ್ಬ ನಿವೃತ್ತ ಸಂಖ್ಯಾಶಾಸ್ತ್ರ ಮೇಷ್ಟ್ರು
ಶಿವಮೊಗ್ಗ