ಕೋಡಿಯ ವಿಡಿಯೊ ಮತ್ತು ನೀರಿನ ಮಟ್ಟ

ಮಾನ್ಯ ಸಂಪಾದಕರೇ,

ದಾವಣಗೆರೆಯಲ್ಲಿ ಪತ್ರಿಕೋದ್ಯಮ ಪದವೀಧರರಿಗೆ ಸಂಪಾದಕರೊಬ್ಬರು ಮಾಡಿದ ಭಾಷಣದ ವರದಿ ಓದಿದೆ. ವೇಗಕ್ಕಿಂತ ಪರಿಶೀಲನೆ ಮುಖ್ಯವೆಂಬ ಅವರ ಮಾತಿಗೆ ನಮ್ಮ ಭಾಗದ್ದೇ ಒಂದು ಉದಾಹರಣೆ ಸೇರಿಸಬೇಕೆನಿಸಿತು.

ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಿದೆ ಎಂಬ ವಿಡಿಯೊ ವಾಟ್ಸ್ಆ್ಯಪ್‌ನಲ್ಲಿ ಬಂತು ಎನ್ನಿ. 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಜನ ತೆಗೆದ ವಿಡಿಯೊಗಳು ಬೇಕಾದಷ್ಟಿವೆ. ದೃಶ್ಯ ನಿಜವಾಗಿದ್ದೂ ಸುದ್ದಿ ಸುಳ್ಳಾಗುವುದು ಹೀಗೆ. ಮೊದಲು ಕೇಳಬೇಕಾದ್ದು ಇಂದಿನ ನೀರಿನ ಮಟ್ಟ. ಜಲಾಶಯದ ಪೂರ್ಣ ಮಟ್ಟ 130 ಅಡಿ. ಎಂಜಿನಿಯರ್ 121 ಅಡಿ ಎಂದರೆ ಕೋಡಿ ಹರಿಯುವ ಮಾತೇ ಇಲ್ಲ. ಒಂದು ಫೋನ್ ಕರೆಯ ಕೆಲಸ.

ಮಟ್ಟ 130 ಮುಟ್ಟಿದ್ದರೂ ಆ ವಿಡಿಯೊ ಇಂದಿನದೇ ಎನ್ನಲಾಗದು. ಕಳಿಸಿದವರನ್ನು ‘ನೀವೇ ತೆಗೆದಿರಾ, ಎಲ್ಲಿ ನಿಂತು?’ ಎಂದು ಕೇಳಿ, ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಬೇಕು. ಮಾಮೂಲಿಯಾಗಿ ಫಾರ್ವರ್ಡ್ ಆದ ವಿಡಿಯೊದಲ್ಲಿ ತೆಗೆದ ದಿನಾಂಕದ ಮಾಹಿತಿ ಉಳಿದಿರುವುದಿಲ್ಲ.

ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿದಾಗ ಹಳೆಯ ವಿಡಿಯೊ ಸಿಕ್ಕರೆ ಅನುಮಾನ ಬಗೆಹರಿಯಿತು. ಏನೂ ಸಿಗಲಿಲ್ಲವೆಂದು ವಿಡಿಯೊ ಹೊಸದೆಂದುಕೊಳ್ಳುವುದು ಮಾತ್ರ ದೊಡ್ಡ ತಪ್ಪು. ವಾಟ್ಸ್ಆ್ಯಪ್ ಗುಂಪುಗಳಲ್ಲಷ್ಟೇ ಓಡಾಡಿದ್ದು ಹುಡುಕಾಟಕ್ಕೆ ಸಿಗದು. ಐದು ಜಾಲತಾಣಗಳು ಹಾಕಿವೆ ಎಂಬುದೂ ಪುರಾವೆಯಲ್ಲ. ಐದೂ ಅದೇ ವಿಡಿಯೊ ನಂಬಿದ್ದರೆ ಮೂಲ ಒಂದೇ.

ಇಂಥ ಸುದ್ದಿ ನಂಬಿ ವೇದಾವತಿ ದಂಡೆಯ ರೈತರು ಪಂಪ್‌ಸೆಟ್ ಎತ್ತಲು ನಡುರಾತ್ರಿ ಹೊಳೆಗೆ ಇಳಿಯಬೇಕಾಗುತ್ತದೆ. ಪದವೀಧರರಿಗೆ ಇದನ್ನೂ ಹೇಳಬೇಕು.

– ಓದುಗರೊಬ್ಬರು, ದಾವಣಗೆರೆ