ತೇದಿಯಿಲ್ಲದ ಶಾಸನಗಳ ಉಲ್ಲೇಖ: ಭಾನುವಾರದೊಳಗೆ ತಿದ್ದಿ ಕಳಿಸಿ

ಎಲ್ಲರಿಗೂ ನಮಸ್ಕಾರ. ಸಂಚಿಕೆಗೆ ಶಾಸನ ಲೇಖನ ಕೊಟ್ಟವರು ದಯವಿಟ್ಟು ಗಮನಿಸಿ. ಹಲ್ಮಿಡಿ ಶಾಸನಕ್ಕೆ ಮೂವರು ಬರಿದೇ ‘ಕ್ರಿ.ಶ. 450’ ಎಂದು ಹಾಕಿದ್ದೀರಿ. ಕಲ್ಲಿನ ಮೇಲೆ ವರ್ಷವೇ ಇಲ್ಲ; ಲಿಪಿ, ಭಾಷೆ ನೋಡಿ ವಿದ್ವಾಂಸರು ಊಹಿಸಿದ ಕಾಲವದು. ಹಾಗಾಗಿ ಹೀಗೆ ಬರೆಯಿರಿ:

ಹಲ್ಮಿಡಿ ಶಾಸನ, ತೇದಿಯಿಲ್ಲ [ಸು. 450, ಲಿಪಿಯ ಆಧಾರ]

ಚೌಕ ಆವರಣವೆಂದರೆ ಕಾಲ ನಾವು ಸೇರಿಸಿದ್ದು ಎಂದರ್ಥ. ಊಹೆ ಯಾರದೆಂದು ಅಡಿಟಿಪ್ಪಣಿಯಲ್ಲಿ ಹೇಳಿ. ಆಧಾರವೇ ಸಿಗದಿದ್ದರೆ ‘ತೇದಿಯಿಲ್ಲ’ ಸಾಕು, ವರ್ಷ ಬೇಡ.

ಬಾದಾಮಿಯ ಮಂಗಳೇಶನ ಗುಹಾಶಾಸನಕ್ಕೆ ‘ಸು.’ ಹಾಕಬೇಡಿ. ಅದರಲ್ಲೇ ಶಕ 500 ಎಂದಿದೆ, ಅಂದರೆ 578.

ಹಸ್ತಪ್ರತಿಯಾದರೆ ಕೃತಿ ರಚನೆಯಾದ ಕಾಲ, ಪ್ರತಿ ಮಾಡಿದ ಕಾಲ ಎರಡನ್ನೂ ಬೇರೆ ಬೇರೆ ಕೊಡಿ.

ತಿದ್ದಿದವರು ‘ಆಯಿತು’ ಎಂದು ಇಲ್ಲೇ ತಿಳಿಸಿ.