ತಿಳಿಸಿದವಳಿಗೆ ಸೊನ್ನೆ, ಮುಚ್ಚಿಟ್ಟವರಿಗೆ 18

ಮಾನ್ಯ ಸಂಪಾದಕರೇ,

ಅಸೈನ್‌ಮೆಂಟಿಗೆ ಎಐ ಬಳಸಿದ ವಿದ್ಯಾರ್ಥಿಗಳ ಆಂತರಿಕ ಅಂಕ ಕತ್ತರಿಸಿದ ಸುದ್ದಿ ಮೊನ್ನೆ ನಿಮ್ಮ ಜಿಲ್ಲಾ ಪುಟದಲ್ಲಿ ಬಂದಿದೆ. ಅದರಲ್ಲಿ ‘ಸಿಕ್ಕಿಬಿದ್ದರು’ ಎಂಬ ಮಾತಿದೆ. ಆ ಪಟ್ಟಿಯಲ್ಲಿ ನನ್ನ ತಮ್ಮನ ಮಗಳೂ ಇದ್ದಾಳೆ. ಅವಳು ಸಿಕ್ಕಿಬಿದ್ದವಳಲ್ಲ ಸ್ವಾಮಿ, ತಾನೇ ಕೊನೆಯ ಪುಟದಲ್ಲಿ ಬರೆದು ತಿಳಿಸಿದವಳು. ಹಾಗೆ ತಿಳಿಸಿದ್ದಕ್ಕೇ ಅವಳಿಗೆ 20ಕ್ಕೆ ಸೊನ್ನೆ. ಅದೇ ತರಗತಿಯಲ್ಲಿ ಇಡೀ ಅಸೈನ್‌ಮೆಂಟನ್ನು ಯಂತ್ರದಿಂದ ಬರೆಸಿ, ಒಂದಕ್ಷರವೂ ಹೇಳದೆ ಸ್ಪೈರಲ್ ಬೈಂಡಿಂಗ್ ಮಾಡಿಸಿ ಕೊಟ್ಟವರಿಗೆ 18. ಅವರೇ ಬಂದು ಇವಳ ಹತ್ತಿರ ಹೇಳಿಕೊಂಡಿದ್ದಾರೆ.

ಏನು ನಡೆಯಿತು ಎಂದು ಬಿಡಿಸಿ ಹೇಳುತ್ತೇನೆ. ವಿಷಯ ಶರಾವತಿ ಮುಳುಗಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ, ತೋಟ ಬಿಟ್ಟು ಬಂದವರು ನಮ್ಮ ಸುತ್ತಮುತ್ತ ಇನ್ನೂ ಇದ್ದಾರೆ. ಇವಳು ಅಂಥ ಮೂವರು ಹಿರಿಯರ ಮನೆಗೆ ಹೋಗಿ, ಜಗಲಿಯಲ್ಲಿ ಕೂತು ಕೇಳಿ, ಕನ್ನಡದಲ್ಲಿ ಬರೆದುಕೊಂಡು ಬಂದಳು. ಆದರೆ ಅಸೈನ್‌ಮೆಂಟ್ ಇಂಗ್ಲಿಷಿನಲ್ಲಿ ಆಗಬೇಕಿತ್ತು. ತಾನೇ ಇಂಗ್ಲಿಷಿಗೆ ತಂದು, ವ್ಯಾಕರಣ ತಿದ್ದಲು ಚಾಟ್‌ಜಿಪಿಟಿ ಬಳಸಿದಳು. ಪೀಠಿಕೆಯಲ್ಲಿ ‘ಸ್ಥಳಾಂತರ’ ಎಂದರೇನು ಎಂಬ ಒಂದು ಪ್ಯಾರಾವನ್ನು ಮಾತ್ರ ಅದರಿಂದಲೇ ಬರೆಸಿ ಹಾಗೇ ಇಟ್ಟಳು.

ಇವೆರಡೂ ಒಂದೇ ರೀತಿಯ ಬಳಕೆ ಅಲ್ಲ. ನಾನು ಕಾಲೇಜು ಗ್ರಂಥಾಲಯದಲ್ಲಿ 31 ವರ್ಷ ಕೆಲಸ ಮಾಡಿದವನು, ಉಲ್ಲೇಖದ ವಿಚಾರ ನನಗೆ ಗೊತ್ತಿದೆ. ಯಂತ್ರದ ವಾಕ್ಯವನ್ನು ಇದ್ದ ಹಾಗೇ ತೆಗೆದುಕೊಂಡರೆ ಅದಕ್ಕೆ ಉದ್ಧರಣ ಚಿಹ್ನೆ ಹಾಕಿ, ಪುಸ್ತಕದಿಂದ ತೆಗೆದುಕೊಂಡಾಗ ಮಾಡುವಂತೆ ಆ ಜಾಗದಲ್ಲೇ ಮೂಲ ತೋರಿಸಬೇಕು. ಭಾಷೆ ತಿದ್ದಿಸಿಕೊಂಡದ್ದಕ್ಕೆ ಹಾಗೆ ವಾಕ್ಯ ವಾಕ್ಯಕ್ಕೂ ತೋರಿಸಲು ಬರುವುದಿಲ್ಲ. ಅದಕ್ಕೆ ಕೊನೆಯಲ್ಲೋ ಮೊದಲಲ್ಲೋ ಒಂದು ಹೇಳಿಕೆ ಬೇಕು. ಇವಳು ಎರಡನ್ನೂ ಮಾಡಿದ್ದಳು. ಅವಳ ಹೇಳಿಕೆಯನ್ನು ಕನ್ನಡದಲ್ಲಿ ಕೊಡುತ್ತೇನೆ, ಓದುಗರೇ ನೋಡಲಿ:

“ಈ ಬರಹದ ಇಂಗ್ಲಿಷ್ ವ್ಯಾಕರಣ ತಿದ್ದಲು ಚಾಟ್‌ಜಿಪಿಟಿ ಬಳಸಿದ್ದೇನೆ. ಪುಟ 2ರಲ್ಲಿ ಉದ್ಧರಣ ಚಿಹ್ನೆಯೊಳಗಿರುವ ಪ್ಯಾರಾ ಅದು ಬರೆದದ್ದು. ನಾನು ಕೇಳಿದ ಪ್ರಶ್ನೆ, ಬಂದ ಪೂರ್ತಿ ಉತ್ತರ, ದಿನಾಂಕ ಅನುಬಂಧದಲ್ಲಿವೆ. ಸಂದರ್ಶನಗಳು, ವಿಶ್ಲೇಷಣೆ, ತೀರ್ಮಾನ ನನ್ನವು. ಅದು ಸೂಚಿಸಿದ ಆಕರಗಳನ್ನು ಪರಿಶೀಲಿಸಿದ್ದೇನೆ, ಸಿಗದವುಗಳನ್ನು ಬಿಟ್ಟಿದ್ದೇನೆ. ತಪ್ಪುಗಳಿಗೆ ನಾನೇ ಹೊಣೆ.”

ಇದಕ್ಕಿಂತ ಹೆಚ್ಚಿಗೆ ಇನ್ನೇನು ಬರೆಯಬೇಕು? ಪ್ರಶ್ನೆಯನ್ನೂ ಉತ್ತರವನ್ನೂ ಅನುಬಂಧದಲ್ಲಿ ಇಡಲು ಹೇಳಿದವನು ನಾನೇ. ಪುಸ್ತಕವಾದರೆ ಪುಟ ಸಂಖ್ಯೆ ಕೊಟ್ಟರೆ ಮೇಷ್ಟರು ತೆರೆದು ನೋಡಬಹುದು. ಈ ಯಂತ್ರ ಅದೇ ಪ್ರಶ್ನೆಗೆ ನಾಳೆ ಬೇರೆ ಉತ್ತರ ಕೊಡುತ್ತದೆ. ಹಾಗಾಗಿ ಉತ್ತರವನ್ನು ಅಂದೇ ಪ್ರಿಂಟ್ ತೆಗೆದು ಇಡದಿದ್ದರೆ ತಾಳೆ ನೋಡಲು ಏನೂ ಉಳಿಯುವುದಿಲ್ಲ. ಹಿರಿಯರ ಹೆಸರು, ಊರು ಯಾವುದನ್ನೂ ಅದರೊಳಗೆ ಹಾಕಬೇಡ ಎಂದಿದ್ದೆ, ಅದನ್ನೂ ಪಾಲಿಸಿದ್ದಳು.

ಆಕರಗಳ ವಿಚಾರ ಇನ್ನೂ ಮುಖ್ಯ. ಮುಳುಗಡೆಯ ಬಗ್ಗೆ ಅದು ಐದು ಪುಸ್ತಕಗಳ ಪಟ್ಟಿ ಕೊಟ್ಟಿತ್ತು. ಲೇಖಕರ ಹೆಸರು, ಪ್ರಕಾಶಕರು, ಇಸವಿ ಎಲ್ಲವೂ ನಿಜದ ಹಾಗೇ ಇದ್ದವು. “ದೊಡ್ಡಪ್ಪ, ಇವು ಎಲ್ಲಿ ಸಿಗುತ್ತವೆ?” ಎಂದು ಕೇಳಿಕೊಂಡು ಬಂದಳು. ಇಬ್ಬರೂ ಕೂತು ಗ್ರಂಥಾಲಯಗಳ ಕ್ಯಾಟಲಾಗ್ ಹುಡುಕಿದೆವು. ಕರೆಂಟು ಹೋಗಿ ಬಂದು ಎರಡು ಸಂಜೆ ಅದರಲ್ಲೇ ಕಳೆಯಿತು. ಎರಡು ಪುಸ್ತಕಗಳು ಎಲ್ಲೂ ಇಲ್ಲ, ಹುಟ್ಟಿಯೇ ಇಲ್ಲ. ಎಐ ಬಳಸಿ ಅಡಗಿಸಿದವರು ಎಡವುವುದು ಇಲ್ಲೇ. ಮೇಷ್ಟರು ಉಲ್ಲೇಖ ಪಟ್ಟಿಯಿಂದ ಯಾವುದಾದರೂ ಎರಡು ಪುಸ್ತಕ ಆರಿಸಿ ‘ತಂದು ತೋರಿಸಿ’ ಎಂದಿದ್ದರೆ ಸಾಕಿತ್ತು, 18 ತೆಗೆದುಕೊಂಡವರ ಬಂಡವಾಳ ಐದು ನಿಮಿಷದಲ್ಲಿ ತಿಳಿಯುತ್ತಿತ್ತು. ಅದನ್ನು ಯಾರೂ ಮಾಡಲಿಲ್ಲ.

ಮಾಡಿದ್ದೇನು? ಫೈಲನ್ನು ಒಂದು ಎಐ ಪತ್ತೆ ತಂತ್ರಾಂಶಕ್ಕೆ ಹಾಕಿದರು, ಶೇ 63 ಎಂದು ಬಂತು, ಸೊನ್ನೆ ಹಾಕಿದರು. ವ್ಯಾಕರಣ ತಿದ್ದಿಸಿಕೊಂಡ ಇಂಗ್ಲಿಷ್ ಯಂತ್ರದ ಇಂಗ್ಲಿಷಿನ ಹಾಗೇ ನುಣ್ಣಗೆ ಕಾಣುತ್ತದೆ, ಹೇಳಿಕೆಯಲ್ಲಿ ಅವಳು ಅದನ್ನೇ ಬರೆದಿದ್ದಾಳಲ್ಲ! ಈ ಶೇಕಡಾವಾರನ್ನು ಸಾಕ್ಷಿ ಎಂದು ನಂಬುವವರು ಒಂದು ಸಂಗತಿ ತಿಳಿಯಲಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಇಂಥದೊಂದು ಪತ್ತೆ ಸಾಧನ ಬಿಟ್ಟಿತ್ತು. ಕಂಪನಿಯ ಪರೀಕ್ಷೆಯಲ್ಲೇ ಅದು ಯಂತ್ರ ಬರೆದ 100 ಬರಹಗಳಲ್ಲಿ 26ನ್ನು ಮಾತ್ರ ಹಿಡಿಯಿತು, ಮನುಷ್ಯರು ಬರೆದ 100ರಲ್ಲಿ 9ನ್ನು ಯಂತ್ರದ್ದು ಎಂದಿತು. ನಿಖರತೆ ಸಾಲದು ಎಂದು ಜುಲೈನಲ್ಲಿ ಹಿಂದಕ್ಕೆ ತೆಗೆದುಕೊಂಡರು.

ಕೇಳಲು ಹೋದ ಕಥೆಯನ್ನೂ ಹೇಳಬೇಕು. ಸುರಿಯುವ ಮಳೆಯಲ್ಲಿ ಹೊಸನಗರದಿಂದ ಎರಡು ಬಸ್ಸು ಬದಲಿಸಿ ಹೋದೆವು. ಮೊದಲ ದಿನ ವಿಭಾಗದ ಮುಖ್ಯಸ್ಥರು ಮೀಟಿಂಗಿಗೆ ಹೋಗಿದ್ದರು. ಎರಡನೇ ದಿನ ಒಂದೂವರೆ ಗಂಟೆ ಕಾರಿಡಾರಿನಲ್ಲಿ ನಿಲ್ಲಿಸಿ, ಒಳಗೆ ಕರೆದು, “ಯುಜಿಸಿ ರೂಲ್ಸ್ ಹಾಗಿದೆ, ಶೇ 10 ದಾಟುವ ಹಾಗಿಲ್ಲ” ಎಂದರು. ಆ ನಿಯಮವನ್ನು ನಾನು ಕೆಲಸದಲ್ಲಿದ್ದಾಗಲೇ ಓದಿದ್ದೇನೆ. ಅದು 2018ರದು, ಆಗ ಚಾಟ್‌ಜಿಪಿಟಿ ಇರಲೇ ಇಲ್ಲ. ಶೇ 10 ಎಂಬುದು ಬೇರೆಯವರ ಬರಹದ ಜೊತೆಗಿನ ಹೋಲಿಕೆಯ ಲೆಕ್ಕ, ಎಐ ಲೆಕ್ಕ ಅಲ್ಲ. ಅದೂ ಮಹಾಪ್ರಬಂಧ, ಸಂಶೋಧನಾ ಲೇಖನಗಳಿಗೆ. ಅಸೈನ್‌ಮೆಂಟ್, ಪ್ರಾಜೆಕ್ಟ್ ವರದಿ, ಉತ್ತರ ಪತ್ರಿಕೆಗಳು ಇದರೊಳಗೆ ಬರುವುದಿಲ್ಲ ಎಂದು ಅದರ ವ್ಯಾಖ್ಯೆಯಲ್ಲೇ ಇದೆ. ಇದನ್ನು ಹೇಳಿದರೆ “ನೀವು ಯಾರು?” ಎಂದು ಕೇಳಿದರು.

ಸರಿ, ನಿಮ್ಮದೇ ನಿಯಮ ತೋರಿಸಿ ಎಂದೆ. ವಿಭಾಗದ ಕೈಪಿಡಿಯಲ್ಲಿ ಉಲ್ಲೇಖ ಬರೆಯುವ ಬಗ್ಗೆ ‘ಎಪಿಎ ಶೈಲಿ ಅನುಸರಿಸಿ’ ಎಂಬ ಒಂದೇ ಸಾಲು. ಇವಳು ಅದನ್ನೇ ಅನುಸರಿಸಿದ್ದಾಳೆ: ಲೇಖಕರ ಜಾಗದಲ್ಲಿ ಕಂಪನಿಯ ಹೆಸರು, ಆಮೇಲೆ ಇಸವಿ, ಸಾಧನದ ಹೆಸರು, ಆವೃತ್ತಿ, ವೆಬ್ ವಿಳಾಸ. ಎಪಿಎಯವರು 2023ರಲ್ಲೇ ಹೀಗೆ ಸೂಚಿಸಿದ್ದಾರೆ. ಉಲ್ಲೇಖದ ಇನ್ನೊಂದು ಪದ್ಧತಿಯಾದ ಎಂಎಲ್‌ಎ ಶೈಲಿಯಲ್ಲಾದರೆ ಸಾಧನವನ್ನಾಗಲಿ ಕಂಪನಿಯನ್ನಾಗಲಿ ಲೇಖಕ ಎನ್ನುವುದಿಲ್ಲ, ಕೇಳಿದ ಪ್ರಶ್ನೆಯನ್ನೇ ಮೊದಲಿಗೆ ಹಾಕುತ್ತಾರೆ. ಬಂದ ಉತ್ತರ: “ಕಂಪನಿ ಹೆಸರನ್ನು ಲೇಖಕ ಅಂತ ಹಾಕಿದ್ದಾಳೆ, ಅಂದರೆ ಅವಳು ಬರೆದಿಲ್ಲ ಅಂತಲೇ ಆಯ್ತಲ್ಲ!” ಹತ್ತು ಪುಟದಲ್ಲಿ ಒಂದು ಪ್ಯಾರಾಕ್ಕೆ ಹಾಕಿದ ಉಲ್ಲೇಖವನ್ನು ಇಡೀ ಬರಹದ ತಪ್ಪೊಪ್ಪಿಗೆ ಎಂದು ಓದಿದರು. ಪಾಠ ಹೇಳುವವರ ಬಾಯಲ್ಲಿ ಈ ಮಾತು ಕೇಳಿ ನನಗೆ ಅಳು ಬಂತು.

ಇವರ ಕಥೆ ಹೊಸದಲ್ಲ. ಹೋದ ವರ್ಷ ಇದೇ ಹುಡುಗಿಯ ಅಂಕಪಟ್ಟಿಯಲ್ಲಿ ತಂದೆಯ ಹೆಸರು ತಪ್ಪಾಗಿ, ತಿದ್ದಿಸಲು ಏಳು ತಿಂಗಳು ಓಡಾಡಿದೆವು. ತಪ್ಪು ಅವರದು, ಶುಲ್ಕ ನಮ್ಮದು. ಅತಿಥಿ ಉಪನ್ಯಾಸಕರು ಬರುವ ಹೊತ್ತಿಗೆ ಅರ್ಧ ಸೆಮಿಸ್ಟರ್ ಮುಗಿದಿರುತ್ತದೆ. ಗ್ರಂಥಾಲಯದಲ್ಲಿ ನನ್ನ ಜಾಗಕ್ಕೆ ಇವತ್ತಿನವರೆಗೂ ಯಾರನ್ನೂ ಹಾಕಿಲ್ಲ, ಮಕ್ಕಳಿಗೆ ಉಲ್ಲೇಖ ಹೇಗೆ ಬರೆಯಬೇಕೆಂದು ತೋರಿಸಿಕೊಡುವವರೇ ಇಲ್ಲ.

ಆ ಸೊನ್ನೆಯನ್ನು ತೆಗೆಯಬೇಕು. ಅಷ್ಟೇ ಅಲ್ಲ, ಎಐ ಬಳಸಿದ್ದನ್ನು ಎಲ್ಲಿ, ಹೇಗೆ ಬರೆಯಬೇಕು ಎಂದು ಒಂದು ಪುಟದಲ್ಲಾದರೂ ಕನ್ನಡದಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಾಕಬೇಕು. ಅದಾಗದಿದ್ದರೆ ಬಳಸುವುದೇ ಬೇಡ ಎಂದಾದರೂ ಸ್ಪಷ್ಟವಾಗಿ ಹೇಳಲಿ. ಮುಂದಿನ ಸೆಮಿಸ್ಟರಿಗೆ ಎಐ ಬಳಸಿದ್ದನ್ನು ತಿಳಿಸುವ ಆ ಕೊನೆಯ ಪುಟ ಬರೆಯುವುದೇ ಬೇಡ ಎನ್ನುತ್ತಿದ್ದಾಳೆ ಹುಡುಗಿ. ಅವಳಿಗೆ ಏನು ಹೇಳಲಿ ನಾನು? ಆ ಕುರ್ಚಿಯಲ್ಲಿ ಕೂತವರೇ ಬಂದು ಹೇಳಲಿ.

— ನಿವೃತ್ತ ಗ್ರಂಥಪಾಲಕ, ಹೊಸನಗರ ತಾಲ್ಲೂಕು